ಒದ್ದೆಯಾದ ಮೇಲೆ ಎಷ್ಟು ಬಲ?

ಮಣ್ಣಿನ ಬ್ಲಾಕಿನಲ್ಲಿ ಮನೆ ಕಟ್ಟಿಸಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮಳೆಗೆ ಕರಗುವುದಿಲ್ಲವೇ? ಗೋಡೆ ಎಷ್ಟು ದಪ್ಪ ಇರಬೇಕು? ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಎರಡನೆಯದರ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಬಹುದು. ಏಕೆಂದರೆ ಚೆನ್ನಾಗಿ ಒಣಗಿದ ಮಣ್ಣು ಸಾಕಷ್ಟು ಭಾರ ಹೊರುತ್ತದೆ. ಅದೇ ಮಣ್ಣು ನೀರು ಕುಡಿದಾಗ ಎಷ್ಟು ಹೊರುತ್ತದೆ ಎನ್ನುವುದರ ಮೇಲೆ ಗೋಡೆಯ ದಪ್ಪ ನಿಂತಿದೆ. ಬ್ಲಾಕ್ ಮಾರುವವರು ಹೇಳುವ ಬಲದ ಅಂಕಿ ಒಣ ಬ್ಲಾಕಿನದೋ ನೆನೆದ ಬ್ಲಾಕಿನದೋ ಎಂದು ಕೇಳದೆ ಮುಂದಕ್ಕೆ ಹೋಗಬಾರದು.

ಹಸಿ ಮಣ್ಣನ್ನು ಕಬ್ಬಿಣದ ಅಚ್ಚಿನಲ್ಲಿಟ್ಟು ಒತ್ತಿ ಬ್ಲಾಕ್ ಮಾಡುವ ಕೈಯಂತ್ರ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಹುಟ್ಟಿತು. ಸಿನ್ವಾ-ರಾಮ್ ಎಂಬ ಆ ಯಂತ್ರ ಲೋಕವೆಲ್ಲ ಸುತ್ತಿತು. ನಮ್ಮಲ್ಲಿ ಈ ಕೆಲಸಕ್ಕೆ ಗಟ್ಟಿ ನೆಲೆ ಒದಗಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ನಮ್ಮ ಕೆಂಪು ಮಣ್ಣನ್ನೇ ಹಿಡಿದು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಎಷ್ಟು ಮರಳು, ಎಷ್ಟು ಸಿಮೆಂಟ್, ಎಷ್ಟು ಒತ್ತಡ ಎನ್ನುವುದಕ್ಕೆ ಇವತ್ತು ನಮ್ಮ ಮೇಸ್ತ್ರಿಗಳು ಬಳಸುವ ಅಳತೆಗಳ ಹಿಂದೆ ಆ ದುಡಿಮೆ ಇದೆ.

ಮಣ್ಣಿನಲ್ಲಿ ಮರಳು, ನುಣ್ಣನೆಯ ಧೂಳಿನಂಥ ಹೂಳು, ಜೇಡಿ ಎಂದು ಮೂರು ಪಾಲು ಇರುತ್ತವೆ. ಮರಳು ಭಾರ ಹೊರುತ್ತದೆ. ಜೇಡಿ ಅಂಟಿನ ಕೆಲಸ ಮಾಡುತ್ತದೆ, ಆದರೆ ನೀರು ಸಿಕ್ಕರೆ ಉಬ್ಬಿ ಅಂಟು ಬಿಡುತ್ತದೆ. ಸಿಮೆಂಟ್ ಹಾಕುವುದು ಇದನ್ನು ತಡೆಯಲು. ಅದು ಮರಳಿನ ಕಣಗಳನ್ನು ನೀರಿಗೆ ಬಿಡದಂತೆ ಬೆಸೆಯುತ್ತದೆ. ಜೇಡಿ ಹೆಚ್ಚಾದರೆ ಅದು ಮರಳಿನ ಕಣಗಳ ಮೇಲೆಲ್ಲ ಕವಿದುಕೊಂಡು ಸಿಮೆಂಟಿಗೆ ಹಿಡಿತವೇ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ಬ್ಲಾಕಿನ ಮಿಶ್ರಣದಲ್ಲಿ ಮರಳು 65 ಪಾಲಿಗಿಂತ ಹೆಚ್ಚು, ಜೇಡಿ ನೂರಕ್ಕೆ 10ರಿಂದ 15 ಇರಬೇಕು ಎನ್ನುತ್ತಾರೆ.

ಬೆಂಗಳೂರು ಸುತ್ತಿನ ಕೆಂಪು ಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದೇ ವಾಡಿಕೆ. ಪಾಯ ತೋಡಿದಾಗ ಬಂದ ಮಣ್ಣಿನಲ್ಲಿ ಜೇಡಿ 30 ಪಾಲು, ಮರಳು 45 ಪಾಲು ಇದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಅಷ್ಟೇ ತೂಕದ ಮರಳನ್ನೋ ಜೇಡಿಯಿಲ್ಲದ ಕಲ್ಲುಪುಡಿಯನ್ನೋ ಬೆರೆಸಿದರೆ ಜೇಡಿ 15 ಪಾಲಿಗೆ ಇಳಿಯುತ್ತದೆ, ಮರಳು 70ರ ಆಸುಪಾಸಿಗೆ ಏರುತ್ತದೆ. ಈ ಮಿಶ್ರಣಕ್ಕೆ ತೂಕದಲ್ಲಿ ನೂರಕ್ಕೆ 7 ಪಾಲು ಸಿಮೆಂಟ್ ಸಾಕು. ಮರಳಿನ ಖರ್ಚು ಉಳಿಸಲು ಸಿಮೆಂಟ್ ಹೆಚ್ಚು ಹಾಕುತ್ತೇವೆ ಎನ್ನುವವರು ಇದ್ದಾರೆ. ಜೇಡಿ ತುಂಬಿದ ಮಣ್ಣಿಗೆ 12 ಪಾಲು ಸಿಮೆಂಟ್ ಸುರಿದರೂ ಅದಕ್ಕೆ ತಕ್ಕ ಬಲ ಬರುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಕಥೆ ಇನ್ನೂ ಬೇರೆ. ಅದರ ಜೇಡಿ ವಿಪರೀತ ಉಬ್ಬುವ ಜಾತಿಯದು; ಅದಕ್ಕೆ ಸುಣ್ಣ ಬೇಕು, ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸದೆ ಕೈ ಹಾಕುವುದು ಸರಿಯಲ್ಲ.

ಬಲದ ಅರ್ಧ ಪಾಲು ಮಿಶ್ರಣದಿಂದ ಬಂದರೆ ಇನ್ನರ್ಧ ಒತ್ತುವುದರಿಂದ ಬರುತ್ತದೆ ಎನ್ನಬಹುದು. 230 ಮಿ.ಮೀ. ಉದ್ದ, 190 ಅಗಲ, 100 ಎತ್ತರದ ಬ್ಲಾಕನ್ನೇ ತೆಗೆದುಕೊಳ್ಳಿ. ಅದರ ಒಳಗೆ ಒಣ ಲೆಕ್ಕದಲ್ಲಿ 7.9 ಕಿಲೋ ಮಣ್ಣು ಕೂತರೆ ಬೇಕಾದ ಸಾಂದ್ರತೆ, ಅಂದರೆ ಘನ ಸೆಂಟಿಮೀಟರಿಗೆ 1.8 ಗ್ರಾಂ ಸಿಗುತ್ತದೆ. ನೀರಿನ ತೂಕವೂ ಸೇರಿದರೆ ಸುಮಾರು 8.7 ಕಿಲೋ. ಹಾಗಾಗಿ ಪ್ರತಿ ಸಲ ಅಚ್ಚಿಗೆ ಹಾಕುವ ಮುಂಚೆ ಮಣ್ಣನ್ನು ತಕ್ಕಡಿಯಲ್ಲಿ ತೂಗಬೇಕು. ಸಲಿಕೆಯ ಅಂದಾಜಿನಲ್ಲಿ ತುಂಬಿದರೆ ಅರ್ಧ ಕಿಲೋ ಕಮ್ಮಿ ಬೀಳುವುದು ಸುಲಭ. ಯಂತ್ರ ಹಗುರವಾಗಿ ಒತ್ತುತ್ತದೆ, ಕೆಲಸಗಾರರಿಗೆ ಹಿತವೆನಿಸುತ್ತದೆ, ಬ್ಲಾಕ್ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಸಾಂದ್ರತೆ ಸ್ವಲ್ಪ ಇಳಿದರೂ ನೆನೆದಾಗಿನ ಬಲ ಬಹಳ ಬೀಳುತ್ತದೆ.

ನೀರಿನ ಹದಕ್ಕೆ ಉಪಕರಣ ಬೇಡ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ನಾಲ್ಕೈದು ಹೆಂಟೆಯಾಗಿ ಒಡೆದರೆ ಹದ ಬಂದಿದೆ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ನೀರು ಹಾಕಿದ ಮಿಶ್ರಣವನ್ನು ಅರ್ಧ ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಊಟದ ಹೊತ್ತಿಗೆ ಉಳಿದ ಮಣ್ಣಿಗೆ ಮತ್ತೆ ನೀರು ಚಿಮುಕಿಸಿ ಮಧ್ಯಾಹ್ನ ಒತ್ತಿದರೆ ಅದರೊಳಗಿನ ಸಿಮೆಂಟ್ ಆಗಲೇ ಕೆಲಸ ಮುಗಿಸಿರುತ್ತದೆ. ಒತ್ತಿದ ಬ್ಲಾಕುಗಳನ್ನು ನೆರಳಿನಲ್ಲಿ ಪೇರಿಸಿ, ಗೋಣಿಯನ್ನೋ ಹುಲ್ಲನ್ನೋ ಮುಚ್ಚಿ, ಮೂರು ನಾಲ್ಕು ವಾರ ತೇವ ಆರದಂತೆ ನೀರು ಹಾಕುವುದು ತಪ್ಪಬಾರದು. ನಾನು ನೋಡಿದ ಕಳಪೆ ಬ್ಲಾಕುಗಳಲ್ಲಿ ಹೆಚ್ಚಿನವು ಇಲ್ಲೇ ಕೆಟ್ಟವು. ಒಂದು ವಾರಕ್ಕೇ ನೀರು ನಿಂತಿರುತ್ತದೆ.

ಇಂಥ ಬ್ಲಾಕ್ ಮನೆ ಬಾಗಿಲಿಗೆ ಬಂದಾಗ ಪರೀಕ್ಷಿಸುವುದು ಹೇಗೆ? ಒಣಗಿದ ಬ್ಲಾಕನ್ನು ತೂಗಿ, ಎರಡು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ತೆಗೆಯಿರಿ. ಮೂಲೆ ಸವೆದಿರಬಾರದು, ಬೆರಳಿನಿಂದ ಉಜ್ಜಿದರೆ ಮಣ್ಣು ಕೈಗೆ ಬರಬಾರದು. 7.9 ಕಿಲೋ ಇದ್ದದ್ದು 9.1 ಕಿಲೋ ದಾಟಿದರೆ, ಅಂದರೆ ನೂರಕ್ಕೆ 15ಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ, ಒತ್ತಿದ್ದು ಸಾಲದು ಎಂದೇ ತಿಳಿಯಬೇಕು. ಬಲ ಅಳೆಯಲು ಕೆಲವು ಬ್ಲಾಕುಗಳನ್ನು ಹೀಗೆ ನೆನೆಸಿ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಕ್ಕೆ ಕೊಡಿಸಿ ನೋಡಬಹುದು. ಚೆನ್ನಾಗಿ ಮಾಡಿದ ಬ್ಲಾಕ್ ನೆನೆದಾಗಲೂ ಚದರ ಸೆಂಟಿಮೀಟರಿಗೆ 30ರಿಂದ 40 ಕಿಲೋ ತಡೆಯುತ್ತದೆ. ಒಣಗಿದ್ದಾಗ ಇದರ ಎರಡರಷ್ಟು ಬರುವುದುಂಟು. ಸಿಮೆಂಟನ್ನೇ ಹಾಕದ ಬ್ಲಾಕ್ ಒಣಗಿದ್ದಾಗ ಗಟ್ಟಿಯಾಗಿದ್ದು ನೀರಿಗಿಟ್ಟರೆ ಕರಗಿಯೇ ಹೋಗುತ್ತದೆ.

ಈಗ ದಪ್ಪದ ಲೆಕ್ಕಕ್ಕೆ ಬರೋಣ. ಎರಡು ಅಂತಸ್ತಿನ ಮನೆ, ಕಂಬಗಳಿಲ್ಲ, ಭಾರವೆಲ್ಲ ಗೋಡೆಯ ಮೇಲೆ. ನಡುಗೋಡೆಯ ಎರಡೂ ಕಡೆ 12 ಅಡಿ, ಅಂದರೆ 3.6 ಮೀಟರ್ ಅಗಲದ ಕೋಣೆಗಳಿವೆ. ತಾರಸಿ, ನೆಲಹಾಸು, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 650 ಕಿಲೋ ಎಂದು ಹಿಡಿದರೆ, ಒಂದು ಮೀಟರ್ ಉದ್ದದ ನಡುಗೋಡೆಗೆ ಒಂದು ಅಂತಸ್ತಿನಿಂದ 2,340 ಕಿಲೋ, ಎರಡರಿಂದ 4,680 ಕಿಲೋ ಬೀಳುತ್ತದೆ. ಗೋಡೆ 230 ಮಿ.ಮೀ. ದಪ್ಪ ಇದ್ದು ಪ್ರತಿ ಅಂತಸ್ತು 3 ಮೀಟರ್ ಎತ್ತರವಾದರೆ ಗೋಡೆಯ ತೂಕವೇ ಸುಮಾರು 2,600 ಕಿಲೋ. ಒಟ್ಟು 7,300 ಕಿಲೋ 2,300 ಚದರ ಸೆಂಟಿಮೀಟರಿನ ಮೇಲೆ ಕೂರುತ್ತದೆ. ಒಂದು ಚದರ ಸೆಂಟಿಮೀಟರಿಗೆ ಬರುವುದು 3.2 ಕಿಲೋ.

ಬ್ಲಾಕ್ 35 ಕಿಲೋ ತಡೆಯುತ್ತದಲ್ಲ, 3.2 ಯಾವ ಲೆಕ್ಕ ಎನ್ನಿಸಬಹುದು. ಆದರೆ ಒಂದು ಬ್ಲಾಕಿನ ಬಲವೇ ಬೇರೆ, ಗೋಡೆಯ ಬಲವೇ ಬೇರೆ. ಗಾರೆಯ ಸಂದುಗಳು, ಓರೆಕೋರೆ, ಕೆಲಸದ ಹೆಚ್ಚುಕಮ್ಮಿ ಎಲ್ಲವನ್ನೂ ಎಣಿಸಿ, ಬ್ಲಾಕಿನ ಬಲದ ಹತ್ತನೇ ಒಂದು ಪಾಲನ್ನಷ್ಟೇ ಗೋಡೆಗೆ ಒಪ್ಪಿಸುವುದು ನಮ್ಮ ಕಟ್ಟಡ ಸಂಹಿತೆಯ ದಾರಿ. ಅದು 3.5 ಕಿಲೋ ಆಯಿತು. ಗೋಡೆ ಎತ್ತರವಾದಷ್ಟೂ, ತೆಳುವಾದಷ್ಟೂ ಬಾಗುವ ಸ್ವಭಾವ ಹೆಚ್ಚು. ಅದಕ್ಕಾಗಿ ಇನ್ನೂ ನೂರಕ್ಕೆ ಹನ್ನೊಂದು ಪಾಲು ಕಳೆದರೆ 3.1 ಉಳಿಯುತ್ತದೆ. ಬೇಕಾದದ್ದು 3.2, ಇರುವುದು 3.1. ಸಾಲದು.

ಇಲ್ಲಿ ಎರಡು ದಾರಿಗಳಿವೆ. ಕೋಣೆಯನ್ನು 10 ಅಡಿಗೆ ಇಳಿಸಿದರೆ ಒತ್ತಡ 2.8ಕ್ಕೆ ಬರುತ್ತದೆ, 230 ಮಿ.ಮೀ. ಗೋಡೆ ಸಾಕು. ಇಲ್ಲವೇ ಕೆಳ ಅಂತಸ್ತಿಗೆ ಮಾತ್ರ ಸಿಮೆಂಟ್ ಹೆಚ್ಚಿಸಿ, ಇನ್ನೂ ಬಿಗಿಯಾಗಿ ಒತ್ತಿ, ನೆನೆದಾಗ 50 ಕಿಲೋ ತಡೆಯುವ ಬ್ಲಾಕ್ ಮಾಡಿಸಬೇಕು. ಬ್ಲಾಕನ್ನು ಅಡ್ಡ ತಿರುಗಿಸಿ 190 ಮಿ.ಮೀ. ಗೋಡೆ ಕಟ್ಟಿದರೆ ಒತ್ತಡ 3.6 ದಾಟುತ್ತದೆ. ಒಂದೇ ಅಂತಸ್ತಿನ ಮನೆಗೆ ಅದು ಧಾರಾಳ, ಎರಡಕ್ಕೆ ಸಲ್ಲದು. ಕೆಳಗಿನ ಮನೆ ಗಟ್ಟಿಯಾಗಿದೆ ಎಂದು ನಾಲ್ಕು ವರ್ಷದ ಮೇಲೆ ಇನ್ನೊಂದು ಅಂತಸ್ತು ಏರಿಸುವ ಆಸೆ ಇದ್ದವರು ಈ ಲೆಕ್ಕವನ್ನು ಪಾಯ ಹಾಕುವಾಗಲೇ ಮಾಡಿಸಿಕೊಳ್ಳಬೇಕು.

ನೆನೆದ ಬಲದ ಮೇಲೆ ಲೆಕ್ಕ ಹಾಕಿದ್ದೇವೆ ಎಂದಮಾತ್ರಕ್ಕೆ ಗೋಡೆಯನ್ನು ನೆನೆಯಲು ಬಿಡಬಹುದು ಎಂದಲ್ಲ. ಒಮ್ಮೆ ನೆನೆದು ಒಣಗಿದರೆ ಬ್ಲಾಕಿಗೆ ಏನೂ ಆಗದು. ಒಂದೇ ಜಾಗ ಮತ್ತೆ ಮತ್ತೆ ನೆನೆದು ಒಣಗಿದರೆ ಮೇಲ್ಮೈ ಪುಡಿಯಾಗಿ ಉದುರುತ್ತದೆ. ಕೆಡುವ ಜಾಗ ಹೆಚ್ಚಾಗಿ ನೆಲಗಟ್ಟಿನ ಮೇಲಿನ ಮೊದಲ ಎರಡು ವರಸೆ. ಸೂರಿನ ನೀರು ನೆಲಕ್ಕೆ ಬಿದ್ದು ಅಲ್ಲಿಗೆ ಎರಚುತ್ತದೆ, ಕೆಳಗಿನಿಂದ ಪಸೆಯೂ ಏರುತ್ತದೆ. ಬಿಳಿ ಉಪ್ಪಿನ ಪಟ್ಟೆ, ದುಂಡಗಾದ ಅಂಚು, ಗೋಡೆಯ ಬುಡದಲ್ಲಿ ಕೆಂಪು ಪುಡಿ ಕಂಡರೆ ನೀರು ಎಲ್ಲಿಂದ ಬರುತ್ತಿದೆ ಎಂದು ಆಗಲೇ ಹುಡುಕಬೇಕು. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿ ಮೇಲೆತ್ತಿ, ಅದರ ಮೇಲೆ ಪಸೆ ತಡೆಯುವ ಕಾಂಕ್ರೀಟ್ ಪದರ ಹಾಕಿ, ಸೂರನ್ನು ಎರಡಡಿ ಹೊರಚಾಚಿದರೆ ಈ ತೊಂದರೆ ಬಹುಪಾಲು ಹತ್ತಿರ ಸುಳಿಯದು. ಹೊರಗೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿಸುವುದು ಮದ್ದಲ್ಲ. ಅದು ಬಿರುಕು ಬಿಟ್ಟಾಗ ಒಳಗೆ ಹೋದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ.

ಬ್ಲಾಕ್ ಬಿಟ್ಟು ಗೋಡೆಯನ್ನೇ ಇಡಿಯಾಗಿ ಕುಟ್ಟಿ ಎಬ್ಬಿಸುವ ವಿಧಾನ ಇನ್ನೊಂದು. ಎರಡು ಹಲಗೆಗಳ ನಡುವೆ ಅರೆತೇವದ ಮಣ್ಣನ್ನು 15 ಸೆಂ.ಮೀ. ಸುರಿದು, ದಿಮ್ಮಸಿನಲ್ಲಿ 10 ಸೆಂ.ಮೀ. ಆಗುವ ತನಕ ಕುಟ್ಟಿ, ಅದರ ಮೇಲೆ ಮುಂದಿನ ಪದರ. ದಿಮ್ಮಸಿನ ಸದ್ದು ಮಂದವಾಗಿರುವುದು ಬಿಟ್ಟು ಟಣ್ ಎನ್ನತೊಡಗಿದರೆ ಪದರ ಕೂತಿದೆ ಎಂದರ್ಥ. ಸಿಮೆಂಟ್ ಇಲ್ಲದೆ ಕುಟ್ಟಿದ ಗೋಡೆಗಳು ಮಳೆ ತೀರಾ ಕಮ್ಮಿಯಿರುವ ಲಡಾಖ್‌ನಂಥ ಕಡೆ ಶತಮಾನಗಳಿಂದ ನಿಂತಿವೆ, ಆದರೆ ಅವು ಒಂದೂವರೆ ಎರಡಡಿ ದಪ್ಪ. ಹೊರಮೈ ಒಂದೆರಡು ಅಂಗುಲ ನೆನೆದರೂ, ಕೊಚ್ಚಿಹೋದರೂ ಒಳಗೆ ಒಣ ಮಣ್ಣು ಭಾರ ಹೊರಲು ಉಳಿದಿರಬೇಕು ಎನ್ನುವುದು ಆ ದಪ್ಪದ ಕಾರಣ. ನಮ್ಮ ಮಳೆಗೆ 8 ಪಾಲಿನಷ್ಟು ಸಿಮೆಂಟ್ ಸೇರಿಸಿದರೆ ಹೊರಮೈಯೂ ಭಾರ ಹೊರುವ ಲೆಕ್ಕಕ್ಕೆ ಬರುತ್ತದೆ, ಆಗ 200ರಿಂದ 300 ಮಿ.ಮೀ. ಸಾಕು. ಇನ್ನೂ ತೆಳುವಾಗಿಸಬಹುದು. ಆದರೆ ಹಲಗೆಗಳ ನಡುವೆ ದಿಮ್ಮಸು ಆಡದೆ ಅಂಚುಗಳು ಸಡಿಲ ಉಳಿಯುತ್ತವೆ, ಹಲಗೆ ಬಿಚ್ಚಿದಾಗ ಜೇನುಗೂಡಿನಂತೆ ತೂತುಗಳು ಕಾಣುತ್ತವೆ. ಅಲ್ಲೇ ಮಳೆ ಹೊಕ್ಕುತ್ತದೆ.

ಇಂಥ ಗೋಡೆಯಲ್ಲಿ ಆಮೇಲೆ ತಿದ್ದುವುದು ಕಷ್ಟ. ವೈರಿಂಗ್ ಪೈಪಿಗೆಂದು 200 ಮಿ.ಮೀ. ಗೋಡೆಯಲ್ಲಿ 40 ಮಿ.ಮೀ. ಆಳದ ಅಡ್ಡಗಾಲುವೆ ಕೊರೆದರೆ ಆ ಸಾಲಿನಲ್ಲಿ ಉಳಿಯುವುದು 160 ಮಿ.ಮೀ. ಗೋಡೆ, ಹಾಕಿದ ಲೆಕ್ಕವೆಲ್ಲ ಅಲ್ಲಿ ಸುಳ್ಳಾಗುತ್ತದೆ. ಆದ್ದರಿಂದ ಸ್ವಿಚ್ಚು, ನಲ್ಲಿ, ಪೈಪು ಎಲ್ಲೆಲ್ಲಿ ಬರಬೇಕು ಎನ್ನುವ ನಕ್ಷೆ ಹಲಗೆ ನಿಲ್ಲಿಸುವ ಮೊದಲೇ ಮೇಸ್ತ್ರಿಯ ಕೈಯಲ್ಲಿರಬೇಕು, ಪೈಪುಗಳು ಮಣ್ಣಿನ ಜೊತೆಯಲ್ಲೇ ಗೋಡೆಯೊಳಗೆ ಹೋಗಬೇಕು.