ಕೈಗೂಸಿನ ಪ್ರಯಾಣ: ಬೈಕಿನಲ್ಲಿ ಯಾವಾಗಿನಿಂದ, ಕಾರಿನಲ್ಲಿ ಎಲ್ಲಿ?

ಕೂಸು ಹುಟ್ಟಿದ ಮೊದಲ ವರ್ಷದಲ್ಲೇ ಅದನ್ನೆತ್ತಿಕೊಂಡು ಹಲವು ಸಲ ಹೊರಡಬೇಕಾಗುತ್ತದೆ. 6, 10 ಮತ್ತು 14ನೆಯ ವಾರಗಳಲ್ಲಿ ಚುಚ್ಚುಮದ್ದು, 9 ತಿಂಗಳು ತುಂಬಿದಾಗ ದಡಾರದ ಚುಚ್ಚುಮದ್ದು, ನಡುವೆ ಜ್ಞಾನಸ್ನಾನ, ತವರುಮನೆ. ಹಿಂದೂಪುರ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಅನೇಕ ಮನೆಗಳಿಗೆ ಇರುವ ವಾಹನ ಮೋಟಾರು ಸೈಕಲ್ ಒಂದೇ. ಅಪ್ಪ ಓಡಿಸುತ್ತಾನೆ, ಹಿಂದೆ ತಾಯಿ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತು ಕೂಸನ್ನು ಅವಚಿಕೊಂಡಿರುತ್ತಾಳೆ. ಈ ಕೂಸಿಗೆ ಎಷ್ಟು ರಕ್ಷಣೆ ಇದೆ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಒಂದು ಲೆಕ್ಕ ಹಾಕೋಣ. ಆರು ಕಿಲೋ ತೂಗುವ ಕೂಸು. ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್. ಎದುರಿಗೆ ಎಮ್ಮೆ ಅಡ್ಡ ಬಂದು ಡಿಕ್ಕಿಯಾಗಿ ಗಾಡಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟಿತು ಎನ್ನಿ. ಆ ಗಳಿಗೆಯಲ್ಲಿ ಕೂಸು ಮುಂದಕ್ಕೆ ಎಳೆಯುವ ಭಾರ ಸುಮಾರು 68 ಕಿಲೋ, ಅಂದರೆ ಒಂದು ಗೊಬ್ಬರದ ಮೂಟೆಗಿಂತಲೂ ಹೆಚ್ಚು. ಎಂಥ ತಾಯಿಯ ತೋಳೂ ಅದನ್ನು ಹಿಡಿದು ನಿಲ್ಲಿಸಲಾರದು. ಸೆರಗಿನಿಂದ ಎದೆಗೆ ಕಟ್ಟಿಕೊಂಡರೂ ತಾಯಿಯೊಡನೆ ಕೂಸೂ ಬೀಳುತ್ತದೆ. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿದರೆ ಓಡಿಸುವವನ ಎದೆ ಮತ್ತು ಹ್ಯಾಂಡಲ್ ನಡುವೆ ಕೂಸು ಜಜ್ಜಿಹೋಗುತ್ತದೆ.

ಕೇಂದ್ರ ಸರಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿ, 2023ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮ 4 ವರ್ಷದ ಒಳಗಿನ ಮಕ್ಕಳಿಗೆ ಸಂಬಂಧಿಸಿದ್ದು. ದ್ವಿಚಕ್ರ ವಾಹನದಲ್ಲಿ ಅಂಥ ಮಗುವಿಗೆ ರಕ್ಷಣಾ ಪಟ್ಟಿ ಇರಬೇಕು. ಇದು ಮಗು ತೊಡುವ ಅಂಗಿಯಂಥದು. ಅದರ ಪಟ್ಟಿಗಳನ್ನು ಓಡಿಸುವವರು ತಮ್ಮ ಹೆಗಲಿಗೆ ಹಾಕಿಕೊಳ್ಳಬೇಕು. 9 ತಿಂಗಳಿನಿಂದ 4 ವರ್ಷದವರೆಗಿನ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು.

ಹಾಗಾದರೆ 9 ತಿಂಗಳ ಒಳಗಿನ ಕೂಸಿಗೆ ಏನು? ಪಟ್ಟಿ ಬೇಡವೆಂದು ಇದರ ಅರ್ಥವಲ್ಲ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗದಷ್ಟಿರುತ್ತದೆ, ಕತ್ತು ಇನ್ನೂ ಬಲಿತಿರುವುದಿಲ್ಲ. ಹೆಲ್ಮೆಟ್ಟಿನ ಭಾರವನ್ನೂ ಅದು ತಾಳದು, ಹೆಲ್ಮೆಟ್ ಇಲ್ಲದೆ ಹೋಗುವುದೂ ಸಲ್ಲದು. ಆದ್ದರಿಂದ ಮೂರು ಚುಚ್ಚುಮದ್ದುಗಳ ಕಾಲಕ್ಕೆ ಬೈಕು ಬೇಡ. ಬಸ್ಸಿನಲ್ಲಿ ಬಾಗಿಲಿನಿಂದ ದೂರವಾದ ನಡುಸಾಲಿನ ಸೀಟಿನಲ್ಲಿ ತಾಯಿ ಕೂರಲಿ. ಆಟೋ ಆದರೆ ಇತರ ಪ್ರಯಾಣಿಕರನ್ನು ತುಂಬದೆ ಹಿಂದಿನ ಸೀಟಿನ ನಡುವೆ ಕೂತು, ಮೆಲ್ಲಗೆ ಓಡಿಸಲು ಹೇಳಿ. ಇವೂ ಪೂರ್ಣ ರಕ್ಷಣೆಯಲ್ಲ. ಬೈಕಿಗಿಂತ ಮೇಲು, ಅಷ್ಟೇ.

ಈಗ ಕಾರಿನ ವಿಷಯ. ಮಡಿಲು ಕಾರಿನಲ್ಲೂ ಆಸರೆಯಲ್ಲ. ಮೇಲಿನ ಲೆಕ್ಕ ಇಲ್ಲಿಯೂ ಹೌದು. ತಾಯಿ ತನ್ನ ಬೆಲ್ಟನ್ನೇ ಕೂಸಿಗೂ ಸುತ್ತಿಕೊಂಡರೆ, ಡಿಕ್ಕಿಯಲ್ಲಿ ಅವಳ ಮೈಭಾರವೇ ಕೂಸನ್ನು ಹಿಸುಕುತ್ತದೆ. ಕೈಗೂಸಿಗೆ ತಕ್ಕದ್ದು ಹಿಂದಿನ ಸೀಟಿನಲ್ಲಿ ಕಟ್ಟಿದ, ಗಾಡಿಯ ಹಿಂಭಾಗಕ್ಕೆ ಮುಖಮಾಡಿದ ಶಿಶು ಆಸನ. ಡಿಕ್ಕಿಯಾದಾಗ ಕತ್ತು ಮುಂದಕ್ಕೆ ಕುಲುಕುವ ಬದಲು ಬೆನ್ನು, ತಲೆ, ಕತ್ತು ಒಟ್ಟಿಗೆ ಆಸನಕ್ಕೆ ಒರಗುತ್ತವೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇದನ್ನು ಇಡಲೇಬಾರದು. ಚೀಲ ಸಿಡಿದು ಕೂಸಿನ ತಲೆಗೇ ಬಡಿಯುತ್ತದೆ.

ಆಸನ ಕೊಳ್ಳುವಾಗ ಅದರ ಮೇಲಿನ ಚೀಟಿಯಲ್ಲಿ ಆರ್ 44, ಆರ್ 129 ಅಥವಾ ನಮ್ಮ ದೇಶದ ಎ.ಐ.ಎಸ್. 072 ಎಂಬ ಮಾನಕದ ಗುರುತು ಇದೆಯೇ ನೋಡಿ. ಮೊದಲು ನಿಮ್ಮ ಕಾರಿನಲ್ಲೇ ಕಟ್ಟಿನೋಡಿ, ಆಮೇಲೆ ಹಣ ಕೊಡಿ. ಸೊಂಟದ ಬೆಲ್ಟ್ ಮಾತ್ರವಿರುವ ಹಳೆಯ ಗಾಡಿಗಳಲ್ಲಿ ಅನೇಕ ಆಸನಗಳು ಕೂರುವುದಿಲ್ಲ. ಅಪಘಾತ ಕಂಡ ಆಸನವನ್ನು ಬಿಟ್ಟಿ ಕೊಟ್ಟರೂ ಬೇಡ.

ಕಟ್ಟಿದ ಮೇಲೆ ಮೂರು ಪರೀಕ್ಷೆ ಮಾಡಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಆಸನವನ್ನು ಹಿಡಿದು ಅಲುಗಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಸಡಿಲವಾಗಿದೆ. ಕೂಸಿನ ಹೆಗಲಪಟ್ಟಿಗಳು ಹೆಗಲ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಹೆಗಲ ಬಳಿ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರ್ ಅಥವಾ ಕಂಬಳಿ ಒಳಗೆ ಸುತ್ತಿದರೆ ಪಟ್ಟಿ ಬಿಗಿಯಾಗಿರುವಂತೆ ಕಂಡರೂ ಸಡಿಲವಿರುತ್ತದೆ. ಹೊದಿಕೆಯನ್ನು ಪಟ್ಟಿಯ ಮೇಲೆ ಹಾಕಿ. ಮೂರನೆಯದಾಗಿ, ಕೂಸಿನ ಗದ್ದ ಎದೆಗೆ ಒತ್ತಿರಬಾರದು. ಒತ್ತಿದರೆ ಉಸಿರು ಕಟ್ಟಬಹುದು. ಆಗ ತಯಾರಕರ ಸೂಚನೆಯಂತೆ ಆಸನವನ್ನು ಇನ್ನಷ್ಟು ಒರಗಿಸಿ.

ಕಲ್ಯಾಣದುರ್ಗದಿಂದ ಹಿಂದೂಪುರದಂಥ ದೂರದ ಹಾದಿಯಾದರೆ ನಡುವೆ ಪೆನುಕೊಂಡದ ಬಳಿ ಗಾಡಿ ನಿಲ್ಲಿಸಿ, ಕೂಸನ್ನು ಎತ್ತಿ ಹಾಲೂಡಿಸಿ. ಓಡುತ್ತಿರುವ ಗಾಡಿಯಲ್ಲಿ ಪಟ್ಟಿ ಬಿಚ್ಚಿ ಹಾಲು ಕೊಡಬೇಡಿ. ನಮ್ಮ ಬೇಸಿಗೆಯಲ್ಲಿ ನಿಲ್ಲಿಸಿದ ಕಾರು ನಿಮಿಷಗಳಲ್ಲೇ ಒಲೆಯಾಗುತ್ತದೆ. ಪಟ್ಟಿಯ ಬಕಲ್ ಕಾದಿದೆಯೇ ಎಂದು ಮುಟ್ಟಿನೋಡಿ ಕೂಸನ್ನು ಕೂರಿಸಿ, ನಿದ್ದೆ ಮಾಡುತ್ತಿದೆಯೆಂದು ಅದನ್ನು ಒಳಗೆ ಬಿಟ್ಟು ಔಷಧದ ಅಂಗಡಿಗೆ ಹೋಗದಿರಿ.