ಎಡ-ಬಲ ಅದಲುಬದಲಾದರೆ ಬಿಡಿಸಿಕೊಳ್ಳುವ ಲೆಕ್ಕ

ಅಮೆರಿಕ ಮತ್ತು ಕೆನಡಾದ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಯುವ ಪುಟ್ನಮ್ ಗಣಿತ ಸ್ಪರ್ಧೆಯಲ್ಲಿ 1987ರಲ್ಲಿ ಹೀಗೊಂದು ಪ್ರಶ್ನೆ ಇತ್ತು:

I = ∫₂⁴ √ln(9−x) / [√ln(9−x) + √ln(x+3)] dx

ವರ್ಗಮೂಲದೊಳಗೆ ಲಾಗ್, ಅದೂ ಅಂಶ-ಛೇದ ಎರಡರಲ್ಲೂ. ಅನುಕಲನದ ಸೂತ್ರಗಳ ಪಟ್ಟಿ ಹಿಡಿದು ಹೊರಟವರು ಇಲ್ಲಿ ಸುಸ್ತಾಗುತ್ತಾರೆ. ಆದರೆ ಉತ್ತರ ಬರೀ 1. ಅಲ್ಲಿಗೆ ಮುಟ್ಟಲು ನಾಲ್ಕು ಸಾಲು ಸಾಕು.

ಇಲ್ಲಿ ಕೈಹಿಡಿಯುವುದು ದ್ವಿತೀಯ ಪಿಯುಸಿ ಪಠ್ಯದಲ್ಲೇ ಇರುವ ಒಂದು ಗುಣ. ಅನುಕಲದ ಮಿತಿಗಳು a ಮತ್ತು b ಆಗಿದ್ದರೆ, x ಇರುವಲ್ಲೆಲ್ಲ a+b−x ಎಂದು ಬರೆದರೂ ಬೆಲೆ ಬದಲಾಗದು. ಕಾರಣ ಸರಳ. ನಿಶ್ಚಿತ ಅನುಕಲವೆಂದರೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ. ಈ ಬದಲಾವಣೆ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸುತ್ತದೆ, ಅಷ್ಟೆ. ಎಡತುದಿಯ ಎತ್ತರ ಬಲತುದಿಗೆ ಹೋಗುತ್ತದೆ, ಬಲದ್ದು ಎಡಕ್ಕೆ ಬರುತ್ತದೆ, ವಿಸ್ತೀರ್ಣ ಕದಲುವುದಿಲ್ಲ.

ನಮ್ಮ ಲೆಕ್ಕದಲ್ಲಿ 2+4=6. ಹಾಗಾಗಿ x ಜಾಗದಲ್ಲಿ 6−x ಬರೆಯಬೇಕು. ಆಗ 9−x ಎನ್ನುವುದು x+3 ಆಗುತ್ತದೆ, x+3 ಎನ್ನುವುದು 9−x ಆಗುತ್ತದೆ. ಛೇದದಲ್ಲಿ ಎರಡು ಪದಗಳು ಜಾಗ ಬದಲಿಸಿಕೊಂಡವೇ ಹೊರತು ಮೊತ್ತ ಮೊದಲಿನದೇ. ಅಂಶದಲ್ಲಿ ಮಾತ್ರ √ln(x+3) ಬಂದು ಕೂತಿತು.

ಹಳೆಯ ರೂಪವನ್ನೂ ಹೊಸ ರೂಪವನ್ನೂ ಕೂಡಿಸಿದರೆ ಅಂಶ, ಛೇದ ಒಂದೇ ಆಗಿ ಭಿನ್ನರಾಶಿ 1ಕ್ಕೆ ಇಳಿಯುತ್ತದೆ:

2I = ∫₂⁴ 1 dx = 2, ಆದ್ದರಿಂದ I = 1

ನಂಬಿಕೆ ಬಾರದಿದ್ದರೆ ತುದಿಗಳನ್ನು ಕ್ಯಾಲ್ಕುಲೇಟರಿನಲ್ಲಿ ನೋಡಬಹುದು. x=2 ಇದ್ದಾಗ ಎತ್ತರ ಸುಮಾರು 0.524, x=4 ಇದ್ದಾಗ 0.476. ಎರಡೂ ಸೇರಿ 1. ನಟ್ಟನಡುವೆ, ಅಂದರೆ x=3ರಲ್ಲಿ, ಎತ್ತರ ಸರಿಯಾಗಿ ಅರ್ಧ. ಲಾಗ್, ವರ್ಗಮೂಲಗಳಿಗೆ ಇಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ಅವನ್ನು ತೆಗೆದು ಎರಡೂ ಕಡೆ ಬೇರೆ ಯಾವುದೇ ಧನಾತ್ಮಕ ಸಂತತ ಫಲನ ಹಾಕಿದರೂ ಉತ್ತರ 1 ಆಗಿಯೇ ಉಳಿಯುತ್ತದೆ.

ಪ್ರಶ್ನೆ ಕಟ್ಟಿದವರ ಜಾಣತನವೆಲ್ಲ ಮಿತಿಗಳಲ್ಲಿದೆ. ಮೇಲಿನ ಮಿತಿಯನ್ನು 4ರಿಂದ 5ಕ್ಕೆ ಏರಿಸಿ ನೋಡಿ: ಮೊತ್ತ 7 ಆಗಿ, 9−x ಎಂಬುದು x+2 ಆಗುತ್ತದೆ. ಛೇದದಲ್ಲಿ ಅದಕ್ಕೆ ಜೋಡಿಯಿಲ್ಲ, ಉಪಾಯ ಅಲ್ಲಿಗೇ ನಿಂತಿತು. ಇನ್ನೊಂದು ಬಗೆಯ ಸೋಲೂ ಉಂಟು. ಅದೇ 2ರಿಂದ 4ರ ನಡುವೆ x(6−x) ಕೊಟ್ಟರೆ, ತಿರುಗಿಸಿದ ಮೇಲೂ ಅದೇ x(6−x). ಕೈಗೆ ಸಿಗುವುದು I = I ಎಂಬ ಸತ್ಯ ಮಾತ್ರ!

ಕೂಡಿದಾಗ ಸ್ಥಿರಸಂಖ್ಯೆಯೇ ಬರಬೇಕೆಂದೇನೂ ಇಲ್ಲ, ಮೊದಲಿಗಿಂತ ಸುಲಭದ್ದು ಬಂದರಾಯಿತು. 0ಯಿಂದ π ವರೆಗೆ x sin x ತೆಗೆದುಕೊಳ್ಳಿ. x ಬದಲು π−x ಹಾಕಿದರೆ sin ಹಾಗೇ ಉಳಿದು (π−x) sin x ಆಗುತ್ತದೆ. ಎರಡನ್ನೂ ಕೂಡಿಸಿದಾಗ ತೊಡಕಿನ x ಕಳಚಿ π sin x ಉಳಿಯುತ್ತದೆ. ಅದರ ಅನುಕಲ 2π, ಹಾಗಾಗಿ I = π.