ಅರ್ಧ ಕೆಟ್ಟ ಹಾರ್ಡ್ ಡಿಸ್ಕಿಗೆ ಪೂರ್ತಿ ವಾರಂಟಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಪೂರ್ತಿ ಸತ್ತುಹೋದರೆ ಅಂಗಡಿಯಲ್ಲಿ ವಾದಕ್ಕೆ ಎಡೆಯೇ ಇರುವುದಿಲ್ಲ. ಕೇಬಲ್ ಹಾಕುತ್ತಾರೆ, ದೀಪ ಹತ್ತುವುದಿಲ್ಲ, ವಿಷಯ ಮುಗಿಯಿತು. ತಕರಾರು ಹುಟ್ಟುವುದು ಅರ್ಧ ಕೆಟ್ಟ ಡಿಸ್ಕಿನಲ್ಲಿ. ಮನೆಯಲ್ಲಿ ನಾಲ್ಕು ಫೈಲ್ ಕಾಪಿ ಮಾಡುವಷ್ಟರಲ್ಲಿ ನಿಂತುಹೋಗುವ ಡಿಸ್ಕ್ ಅಂಗಡಿಯ ಕಂಪ್ಯೂಟರಿಗೆ ಹಾಕಿದ ಕೂಡಲೇ ಚೆನ್ನಾಗಿಯೇ ಕಾಣಿಸಿಕೊಳ್ಳುತ್ತದೆ. ಹುಡುಗ ಒಂದೆರಡು ಫೋಲ್ಡರ್ ತೆರೆದು ನೋಡಿ, ‘ಸರಿಯಾಗಿಯೇ ಇದೆಯಲ್ಲ ಸಾರ್’ ಎಂದು ವಾಪಸು ಕೊಡುತ್ತಾನೆ. ಅವನದು ಸುಳ್ಳಲ್ಲ. ಅವನು ನೋಡಿದ ಎರಡು ನಿಮಿಷದಲ್ಲಿ ಅದು ಸರಿಯಾಗಿಯೇ ಇತ್ತು.

ಹಾಗಾಗಿ ಮಾರಾಟಗಾರರಿಗೆ ಬರೆಯುವ ಪತ್ರದಲ್ಲಿ ‘ಡಿಸ್ಕ್ ಕೆಲಸ ಮಾಡುತ್ತಿಲ್ಲ, ಬದಲಾಯಿಸಿ ಕೊಡಿ’ ಎಂದಷ್ಟೇ ಇದ್ದರೆ ಅದರಿಂದ ಆಗುವ ಕೆಲಸ ಕಡಿಮೆ. ಏನು ಮಾಡಿದಾಗ, ಎಷ್ಟು ಹೊತ್ತಿಗೆ, ಯಾವ ದೋಷ ಕಾಣುತ್ತದೆ ಎಂದು ಬರೆದರೆ ಓದಿದವರು ಅದನ್ನು ತಮ್ಮ ಮೇಜಿನ ಮೇಲೆಯೇ ಮರಳಿ ಕಾಣಬಲ್ಲರು. ಪತ್ರದ ಬಲವೆಲ್ಲ ಇರುವುದು ಅಲ್ಲಿ.

ಒಂದು ಉದಾಹರಣೆ ನೋಡೋಣ. ದಾವಣಗೆರೆಯ ಮದುವೆ ಫೋಟೋಗ್ರಾಫರ್ ಒಬ್ಬರ ಬಳಿ ಮೂರು ವರ್ಷ ವಾರಂಟಿಯ 2 ಟಿಬಿ ಡಿಸ್ಕ್ ಇದೆ ಎಂದುಕೊಳ್ಳಿ. ಕೊಂಡು ಹತ್ತು ತಿಂಗಳಿಗೆ ಅದು ಕೈಕೊಡತೊಡಗಿದೆ. ಸಣ್ಣ ಫೈಲುಗಳು ತೆರೆಯುತ್ತವೆ. ದೊಡ್ಡ ವಿಡಿಯೊ ಕಾಪಿ ಮಾಡಲು ಹೋದರೆ ವೇಗ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂದು, ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳಿ, ಡಿಸ್ಕ್ ಮಾಯವಾಗುತ್ತದೆ.

ಪತ್ರ ಬರೆಯುವ ಮೊದಲು ಅವರು ಮಾಡಬೇಕಾದ ಕೆಲಸವೆಂದರೆ ತಪ್ಪು ಡಿಸ್ಕಿನದೇ ಹೌದೋ ಎಂದು ಖಚಿತ ಮಾಡಿಕೊಳ್ಳುವುದು. ಈ ಡಿಸ್ಕುಗಳಿಗೆ ವಿದ್ಯುತ್ತು ಬರುವುದೂ ಅದೇ ಯುಎಸ್‌ಬಿ ಕೇಬಲಿನಿಂದ. ಕೇಬಲ್ ಸಡಿಲವಾಗಿದ್ದರೆ, ಅಥವಾ ಹಲವು ಸಾಧನಗಳು ಒಂದೇ ಹಬ್‌ಗೆ ಜೋತುಬಿದ್ದು ವಿದ್ಯುತ್ತು ಸಾಲದಿದ್ದರೆ ಚೆನ್ನಾಗಿರುವ ಡಿಸ್ಕೂ ಟಿಕ್ ಟಿಕ್ ಎನ್ನುತ್ತದೆ, ನಡುವೆ ಮಾಯವಾಗುತ್ತದೆ. ಬೇರೆ ಕೇಬಲ್ ಹಾಕಿ, ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಜೋಡಿಸಿ, ಇನ್ನೊಂದು ಕಂಪ್ಯೂಟರಿನಲ್ಲೂ ನೋಡಬೇಕು. ಮೂರರಲ್ಲೂ ಅದೇ ತೊಂದರೆ ಕಂಡರೆ ಅನುಮಾನ ಡಿಸ್ಕಿನ ಮೇಲೆಯೇ ನಿಲ್ಲುತ್ತದೆ. ‘ಕೇಬಲ್ ಬದಲಾಯಿಸಿ ನೋಡಿ’ ಎಂದು ಅಂಗಡಿಯಿಂದ ಬರಬಹುದಾದ ಮೊದಲ ಉತ್ತರಕ್ಕೂ ಇದರಿಂದ ದಾರಿ ಮುಚ್ಚುತ್ತದೆ.

ಎರಡನೆಯ ಸಾಕ್ಷಿಯನ್ನು ಡಿಸ್ಕೇ ಕೊಡುತ್ತದೆ. ಓದಲಾಗದ ಜಾಗಗಳೆಷ್ಟು ಎಂಬ ಲೆಕ್ಕವನ್ನು ಹಾರ್ಡ್ ಡಿಸ್ಕ್ ತಾನಾಗಿಯೇ ಇಟ್ಟುಕೊಂಡಿರುತ್ತದೆ. ವಿಂಡೋಸಿನಲ್ಲಿ CrystalDiskInfo ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಅದರಲ್ಲಿ 05 ಮತ್ತು C5 ಎಂಬ ಸಾಲುಗಳನ್ನು ನೋಡಬೇಕು. 05 ಎಂದರೆ ಕೆಟ್ಟಿತೆಂದು ತೀರ್ಮಾನವಾಗಿ, ಬದಲಿಗೆ ಮೀಸಲು ಜಾಗ ಬಳಸಿಕೊಂಡ ಸೆಕ್ಟರುಗಳು. C5 ಎಂದರೆ ಓದಲು ಹೋಗಿ ವಿಫಲವಾದ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಇಲ್ಲಿ ಒಂದು ಎಚ್ಚರ ಬೇಕು. ಈ ತಂತ್ರಾಂಶ ಸಾಮಾನ್ಯವಾಗಿ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ತೋರಿಸುವುದರಿಂದ 48 ಎಂದು ಕಂಡರೆ ಅದು ನಮ್ಮ ಲೆಕ್ಕದಲ್ಲಿ 72. ಪತ್ರದಲ್ಲಿ ಸಂಖ್ಯೆ ಬರೆದು, ಪರದೆಯ ಚಿತ್ರವನ್ನೂ ಲಗತ್ತಿಸಿದರೆ ಗೊಂದಲವಿರುವುದಿಲ್ಲ. ಎಲ್ಲ ಎಕ್ಸ್‌ಟರ್ನಲ್ ಡಿಸ್ಕುಗಳೂ ಈ ಲೆಕ್ಕವನ್ನು ಯುಎಸ್‌ಬಿ ಮೂಲಕ ಹೊರಗೆ ಬಿಟ್ಟುಕೊಡುವುದಿಲ್ಲ. ಆಗ ಪರದೆಯ ಮೇಲಿನ ದೋಷ ಸಂದೇಶ ಮತ್ತು ಸದ್ದು ಸಮೇತ ಮೊಬೈಲಿನಲ್ಲಿ ತೆಗೆದ ವಿಡಿಯೊವೇ ಆಧಾರ.

ಇಷ್ಟಾಗುವ ಮೊದಲು ಫಾರ್ಮ್ಯಾಟ್ ಮಾಡುವುದು ದೊಡ್ಡ ತಪ್ಪು. ಪೂರ್ತಿ ಫಾರ್ಮ್ಯಾಟ್ ಮಾಡುವಾಗ ಪ್ರತಿ ಸೆಕ್ಟರಿನ ಮೇಲೂ ಹೊಸದಾಗಿ ಬರೆಯಲಾಗುತ್ತದೆ. ಆಗ C5 ಸಂಖ್ಯೆ ಸೊನ್ನೆಗೆ ಇಳಿದುಬಿಡಬಹುದು. ಕೆಲವು ದಿನ ಡಿಸ್ಕ್ ಸರಿಯಾದಂತೆ ಕಾಣುತ್ತದೆ. ಫೋಟೊಗಳೂ ಹೋದವು, ಸಾಕ್ಷಿಯೂ ಹೋಯಿತು. ಡಬ್ಬಿ ಬಿಚ್ಚಿ ನೋಡುವುದು ಅದಕ್ಕಿಂತ ಕೆಡುಕು, ವಾರಂಟಿಯೇ ರದ್ದಾಗಬಹುದು.

ಈಗ ಪತ್ರ ತಾನಾಗಿ ಮೂಡುತ್ತದೆ.

‘ಮಾನ್ಯರೆ,

ವಿಷಯ: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ವಾರಂಟಿಯಲ್ಲಿ ಬದಲಾಯಿಸಿ ಕೊಡುವ ಬಗ್ಗೆ.

ದಿನಾಂಕ 14-10-2024ರಂದು ತಮ್ಮ ಅಂಗಡಿಯಲ್ಲಿ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡಿದ್ದೇನೆ. ಬಿಲ್ ಸಂಖ್ಯೆ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಕೆಳಗಿವೆ. ಮೂರು ವರ್ಷದ ವಾರಂಟಿ ಇನ್ನೂ ಜಾರಿಯಲ್ಲಿದೆ.

3-8-2025ರಿಂದ ಡಿಸ್ಕಿನಲ್ಲಿ ದೋಷ ಕಾಣುತ್ತಿದೆ. ಜೋಡಿಸಿದ ಕೂಡಲೇ ಡಿಸ್ಕ್ ಕಾಣಿಸುತ್ತದೆ, ಸಣ್ಣ ಫೈಲುಗಳು ತೆರೆಯುತ್ತವೆ. ಸುಮಾರು 10 ಜಿಬಿ ಗಾತ್ರದ ಫೋಲ್ಡರನ್ನು ಡಿಸ್ಕಿನಿಂದ ಕಾಪಿ ಮಾಡಿದರೆ ಐದಾರು ನಿಮಿಷದಲ್ಲಿ ವೇಗ ಸೊನ್ನೆಗೆ ಇಳಿದು, 0x8007045D ಎಂಬ ದೋಷ ಸಂದೇಶ ಬಂದು, ಟಿಕ್ ಟಿಕ್ ಸದ್ದಿನೊಂದಿಗೆ ಸಂಪರ್ಕ ಕಡಿಯುತ್ತದೆ. ಎರಡು ಕೇಬಲ್ ಮತ್ತು ಎರಡು ಕಂಪ್ಯೂಟರುಗಳಲ್ಲಿ, ಹಬ್ ಇಲ್ಲದೆ ಪರೀಕ್ಷಿಸಿದ್ದೇನೆ, ಫಲ ಒಂದೇ. CrystalDiskInfo ವರದಿಯಲ್ಲಿ C5 ಸಂಖ್ಯೆ 72 ಇದೆ. ಡಿಸ್ಕ್ ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ, ಬಿಚ್ಚಿಲ್ಲ.

ದಯವಿಟ್ಟು ಡಿಸ್ಕನ್ನು ಬದಲಾಯಿಸಿ ಕೊಡಿ, ಅಥವಾ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿ ಸೀರಿಯಲ್ ನಂಬರ್ ಇರುವ ರಸೀದಿ ಕೊಡಿ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ’

ಇದರಲ್ಲಿ ಕೋಪದ ಒಂದು ಮಾತೂ ಇಲ್ಲ, ಬೇಕಾಗಿಯೂ ಇಲ್ಲ. ‘ಸಣ್ಣ ಫೈಲುಗಳು ತೆರೆಯುತ್ತವೆ’ ಎಂದು ಒಪ್ಪಿಕೊಂಡಿರುವ ಸಾಲೇ ಇಲ್ಲಿ ಅತಿ ಮುಖ್ಯವಾದುದು. ಅಂಗಡಿಯವರು ಎರಡು ನಿಮಿಷ ನೋಡಿ ವಾಪಸು ಕೊಡದಂತೆ ತಡೆಯುವುದು ಅದು. ಹತ್ತು ಜಿಬಿ ಕಾಪಿ ಮಾಡಿ ನೋಡಲೇಬೇಕೆಂದು ದಾರಿ ತೋರಿಸುವುದೂ ಅದೇ. ‘ಬಿದ್ದಿಲ್ಲ’ ಎಂಬ ಮಾತು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಡಬ್ಬಿಯ ಮೂಲೆ ಜಜ್ಜಿದ್ದರೆ ಸರ್ವಿಸ್ ಸೆಂಟರಿನವರ ಕಣ್ಣಿಗೆ ಮೊದಲು ಬೀಳುವುದೇ ಅದು, ಮತ್ತು ಬಿದ್ದು ಕೆಟ್ಟದ್ದು ವಾರಂಟಿಗೆ ಸೇರುವುದಿಲ್ಲ.

ಸೀರಿಯಲ್ ನಂಬರ್ ಇರುವ ರಸೀದಿಯನ್ನು ಕೇಳುವುದಕ್ಕೂ ಕಾರಣವಿದೆ. ಕೊಟ್ಟ ಡಿಸ್ಕ್ ಇದೇ ಎಂಬುದಕ್ಕೆ ಮುಂದೆ ಅದೇ ಪುರಾವೆ. ಬದಲಿಯಾಗಿ ಬರುವುದು ಎಷ್ಟೋ ಸಲ ಕಂಪನಿ ರಿಪೇರಿ ಮಾಡಿ ಪರೀಕ್ಷಿಸಿದ ಡಿಸ್ಕ್. ಅದರ ವಾರಂಟಿಯೂ ಸಾಮಾನ್ಯವಾಗಿ ಹಳೆಯದರ ಉಳಿದ ಅವಧಿಗೆ ಸೀಮಿತ. ಹಳೆಯ ಡಿಸ್ಕ್ ವಾಪಸು ಬರುವುದಿಲ್ಲ, ಅದರೊಳಗಿನ ಫೋಟೊಗಳೂ ಬರುವುದಿಲ್ಲ. ವಾರಂಟಿ ಇರುವುದು ಡಿಸ್ಕಿಗೆ, ಅದರೊಳಗಿನ ಮಾಹಿತಿಗಲ್ಲ. ಬೇರೆ ಪ್ರತಿ ಇಲ್ಲದ ಮದುವೆಯ ಆಲ್ಬಂ ಅದರಲ್ಲಿದ್ದರೆ ಆ ಫೋಟೋಗ್ರಾಫರ್ ಡಿಸ್ಕನ್ನು ಮತ್ತೆ ಮತ್ತೆ ಓಡಿಸದೆ, ಮೊದಲು ಮಾಹಿತಿ ಹೊರತೆಗೆಯುವ ತಜ್ಞರಲ್ಲಿಗೆ ಹೋಗುವುದು ಒಳ್ಳೆಯದು. ತಜ್ಞರು ಡಬ್ಬಿ ಬಿಚ್ಚಿದರೂ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಯನ್ನು ಕೇಳಿ ಲಿಖಿತವಾಗಿ ಪಡೆದು ಮುಂದುವರಿಯಬೇಕು.

ಪತ್ರದ ಎರಡು ಪ್ರತಿ ಇರಲಿ. ಒಂದನ್ನು ಅಂಗಡಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು. ಹದಿನೈದು ದಿನ ಕಳೆದೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ ಸರಿಪಡಿಸಲು, ವಸ್ತು ಬದಲಾಯಿಸಿ ಕೊಡಲು ಅಥವಾ ಹಣ ಹಿಂತಿರುಗಿಸಲು ಆಯೋಗ ಆದೇಶಿಸಬಲ್ಲದು. ವಸ್ತುವಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದ ದೂರಿಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.